ಶಿರಸಿಯಿಂದ ಬೆಂಗಳೂರಿನ ಕಾನ್ಫರೆನ್ಸ್‌ಗೆ: ಟಾಕ್ ಪ್ರಪೋಸಲ್ ಬರೆಯುವ ಸಮಗ್ರ ಮಾರ್ಗದರ್ಶಿ

ಟೆಕ್ ಕಾನ್ಫರೆನ್ಸ್‌ನಲ್ಲಿ ಮಾತಾಡಬೇಕು ಅಂದರೆ ಮೊದಲು ಒಂದು ಅರ್ಜಿ ಹಾಕಬೇಕು. ಅದಕ್ಕೆ ಪ್ರಪೋಸಲ್ ಅಂತಾರೆ. ಅರ್ಜಿ ಕರೆಯುವ ಪ್ರಕಟಣೆಗೆ ಸಿಎಫ್‌ಪಿ ಅಂತಾರೆ. ಫಾರಂ ಯಾವುದೇ ಇರಲಿ, ಮುಖ್ಯವಾಗಿ ಕೇಳುವುದು ಮೂರು ವಿಷಯ: ಟಾಕ್‌ನ ಸಾರಾಂಶ ಏನು, ಕೇಳಲು ಬಂದವರಿಗೆ ಏನು ಸಿಗುತ್ತದೆ, ಹೇಳುವ ನೀವು ಯಾರು.

ಇಂಥ ಅರ್ಜಿಗಳನ್ನು ಓದಿ ಅಂಕ ಕೊಡುವ ತಂಡದಲ್ಲಿ ನಾನಿದ್ದೇನೆ. ನಮ್ಮ ಉತ್ತರ ಕನ್ನಡದ ಕಡೆಯಿಂದ ಬರುವ ಅರ್ಜಿಗಳಲ್ಲಿ ಒಂದು ತೊಂದರೆ ಮತ್ತೆ ಮತ್ತೆ ಕಾಣುತ್ತದೆ. ಮೂರೂ ಕಡೆ ಊರಿನ ಕಥೆಯೇ ತುಂಬಿರುತ್ತದೆ. ಮಳೆ, ಘಾಟಿ, ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ. ಎಲ್ಲ ನಿಜವೇ. ಆದರೆ ಓದಿ ಮುಗಿಸಿದ ಮೇಲೂ ಇವರು ವೇದಿಕೆ ಮೇಲೆ ನಿಂತು ಏನು ಹೇಳುತ್ತಾರೆ ಅನ್ನುವುದು ಗೊತ್ತಾಗುವುದಿಲ್ಲ. ಊರಿನ ಪರಿಸ್ಥಿತಿ ನಿಮ್ಮ ಮಾತಿಗೆ ಪುರಾವೆ ಆಗಬೇಕು. ಟಾಕ್‌ನ ವಿಷಯ ಅದಲ್ಲ.

ಇದನ್ನು ಒಂದು ಅರ್ಜಿ ಇಟ್ಟುಕೊಂಡೇ ತೋರಿಸುತ್ತೇನೆ. ಶಿರಸಿಯಲ್ಲಿ ಕೂತು ಕೆಲಸ ಮಾಡುವ ಗೆಳತಿಯೊಬ್ಬಳು ಹಳ್ಳಿಯ ಹಾಲಿನ ಡೇರಿಗಳಿಗೆ ಒಂದು ಆ್ಯಪ್ ಮಾಡಿದ್ದಾಳೆ. ಬೆಳಿಗ್ಗೆ, ಸಂಜೆ ಜನ ಬಂದು ಹಾಲು ಹಾಕುತ್ತಾರೆ. ಕಾರ್ಯದರ್ಶಿ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ ನೋಡಿ ಮೊಬೈಲ್‌ನಲ್ಲಿ ಬರೆದುಕೊಳ್ಳುತ್ತಾರೆ. ನೆಟ್‌ವರ್ಕ್ ಸಿಕ್ಕಾಗ ಅದು ಸರ್ವರ್‌ಗೆ ಹೋಗುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರ್‌ನ ಬ್ಯಾಟರಿಯೂ ಖಾಲಿಯಾದರೆ ಎರಡು ದಿನ ಏನೂ ಹೋಗುವುದಿಲ್ಲ. ಇದರ ಬಗ್ಗೆ ಬೆಂಗಳೂರಿನ ಒಂದು ಕಾನ್ಫರೆನ್ಸ್‌ನಲ್ಲಿ ಮಾತಾಡಬೇಕು ಅಂತ ಅವಳ ಆಸೆ. ಅಲ್ಲಿಗೆ ಅರ್ಜಿ ಇಂಗ್ಲಿಷ್‌ನಲ್ಲಿ ಹೋಗುತ್ತದೆ. ಇಲ್ಲಿ ಕನ್ನಡದಲ್ಲೇ ಕೊಡುತ್ತೇನೆ.

ಮೊದಲು ಪ್ರಕಟಣೆ ಪೂರ್ತಿ ಓದಿ

ಸುಮಾರು ಜನ ಇದನ್ನು ಬಿಟ್ಟೇಬಿಡುತ್ತಾರೆ. ಮೂರು ವಿಷಯ ಹುಡುಕಿ ಬರೆದಿಟ್ಟುಕೊಳ್ಳಿ.

ಒಂದು, ಎಷ್ಟು ಹೊತ್ತು. 30 ನಿಮಿಷ ಅಂದರೆ ಪ್ರಶ್ನೆಗಳೂ ಸೇರಿಯಾ, ಬಿಟ್ಟಾ? ಬರೆದಿಲ್ಲದಿದ್ದರೆ ಸೇರಿಯೇ ಅಂದುಕೊಂಡು 25 ನಿಮಿಷಕ್ಕೆ ತಯಾರಾಗಿ.

ಎರಡು, ಹೆಸರು ಮುಚ್ಚಿ ಓದುತ್ತಾರಾ ಅನ್ನುವುದು. ಕೆಲವು ಕಾನ್ಫರೆನ್ಸ್‌ಗಳಲ್ಲಿ ಮೊದಲ ಸುತ್ತಿನಲ್ಲಿ ಹೇಳುವವರ ಹೆಸರು, ಕಂಪನಿ ಏನೂ ಕಾಣದ ಹಾಗೆ ಇಟ್ಟು ಸಾರಾಂಶ ಮಾತ್ರ ತೋರಿಸುತ್ತಾರೆ. ಹಾಗಿದ್ದರೆ ಸಾರಾಂಶದಲ್ಲಿ ನಿಮ್ಮ ಹೆಸರು, ಸಂಸ್ಥೆಯ ಹೆಸರು, ನಿಮ್ಮ ಗಿಟ್‌ಹಬ್ ಲಿಂಕ್ ಬರಬಾರದು. ಅದಕ್ಕೆಲ್ಲ ಬಯೋ ಇದೆ.

ಮೂರು, ಕೊನೆಯ ದಿನ ಯಾವ ದೇಶದ ಗಡಿಯಾರದ ಪ್ರಕಾರ. ಕೆಲವು ಕಡೆ AoE ಅಂತ ಹಾಕಿರುತ್ತಾರೆ. ಭೂಮಿಯ ಮೇಲೆ ಎಲ್ಲೇ ಆಗಲಿ ಆ ದಿನ ಮುಗಿದಿಲ್ಲದಿದ್ದರೆ ಅರ್ಜಿ ಹಾಕಬಹುದು ಅಂತ ಅದರ ಅರ್ಥ. 31ನೇ ತಾರೀಕು AoE ಅಂದರೆ ನಮಗೆ ಮರುದಿನ ಸಂಜೆ ಐದೂವರೆ ತನಕ ಸಮಯ ಇದೆ. ಆದರೂ ನಮ್ಮ ಕಡೆ ಇರುವವರು ಅದನ್ನು ನಂಬಿ ಕೂರಬೇಡಿ. ಎರಡು ದಿನ ಮೊದಲೇ ಹಾಕಿಬಿಡಿ. ಜಾಸ್ತಿ ಫಾರಂಗಳಲ್ಲಿ ಕೊನೆಯ ದಿನದ ತನಕ ತಿದ್ದಲು ಬಿಡುತ್ತಾರೆ.

ಇನ್ನೊಂದು ಮಾತು. ಫಾರಂನಲ್ಲೇ ನೇರವಾಗಿ ಬರೆಯಬೇಡಿ. ಬೇರೆ ಫೈಲ್‌ನಲ್ಲಿ ಬರೆದು ಅಲ್ಲಿಗೆ ಅಂಟಿಸಿ. ಸೆಷನ್ ಮುಗಿದು ಪೇಜ್ ರಿಫ್ರೆಶ್ ಆದರೆ ಒಂದು ಗಂಟೆಯ ಕೆಲಸ ಹೋಗುತ್ತದೆ.

ಒಂದೇ ತೊಂದರೆ ಆರಿಸಿಕೊಳ್ಳಿ

ಗೆಳತಿ ಮೊದಲು ಬರೆದ ತಲೆಬರಹ ಹೀಗಿತ್ತು: «ಗ್ರಾಮೀಣ ಭಾರತಕ್ಕೆ ಆಫ್‌ಲೈನ್ ಆ್ಯಪ್‌ಗಳು: ಮಲೆನಾಡಿನ ಅನುಭವ». ಕೆಳಗೆ ಸಾರಾಂಶ ಹೀಗಿತ್ತು:

«ಪಶ್ಚಿಮ ಘಟ್ಟದ ಹಳ್ಳಿಗಳಲ್ಲಿ ಇಂಟರ್ನೆಟ್ ಇಂದಿಗೂ ದೊಡ್ಡ ಸವಾಲು. ಭಾರೀ ಮಳೆ, ವಿದ್ಯುತ್ ವ್ಯತ್ಯಯದ ನಡುವೆ ನಾವು ಡೇರಿಗಳಿಗೆ ಆ್ಯಪ್ ಕಟ್ಟಿದೆವು. ಈ ಪಯಣದಲ್ಲಿ ಎದುರಾದ ಸವಾಲುಗಳು, ಕಲಿತ ಪಾಠಗಳು, ಬಳಸಿದ ತಂತ್ರಜ್ಞಾನ, ವಿನ್ಯಾಸ, ರೈತರ ತರಬೇತಿ ಮತ್ತು ಮುಂದಿನ ಯೋಜನೆಗಳ ಬಗ್ಗೆ ಈ ಟಾಕ್‌ನಲ್ಲಿ ಹಂಚಿಕೊಳ್ಳುತ್ತೇನೆ.»

ಓದಲು ತಪ್ಪೇನೂ ಕಾಣುವುದಿಲ್ಲ. ಆದರೆ «ಸವಾಲುಗಳು, ಪಾಠಗಳು» ಅನ್ನುವ ಕಡೆ ಒಂದು ಸವಾಲಿನ ಹೆಸರಾದರೂ ಇದೆಯಾ? ಇಲ್ಲ. ಈ ಸಾರಾಂಶವನ್ನು ಮೀನುಗಾರಿಕೆ ಆ್ಯಪ್‌ಗೂ ಹಾಕಬಹುದು, ಶಾಲೆಯ ಹಾಜರಿ ಆ್ಯಪ್‌ಗೂ ಹಾಕಬಹುದು. ಅಂಕ ಬೀಳದೇ ಇರುವುದು ಇದೇ ಕಾರಣಕ್ಕೆ. ಮೇಲಾಗಿ ತಂತ್ರಜ್ಞಾನ, ವಿನ್ಯಾಸ, ತರಬೇತಿ, ಯೋಜನೆ ಎಲ್ಲ 25 ನಿಮಿಷದಲ್ಲಿ ಮುಗಿಯುವುದಿಲ್ಲ ಅಂತ ಓದುವವರಿಗೆ ತಕ್ಷಣ ಗೊತ್ತಾಗುತ್ತದೆ.

ಅವಳನ್ನು ಒಂದೇ ಪ್ರಶ್ನೆ ಕೇಳಿದೆ. «ಡೇರಿಯವರು ನಿನಗೆ ಫೋನ್ ಮಾಡಿ ಬೈದದ್ದು ಯಾವಾಗ?»

ಉತ್ತರ ಥಟ್ಟನೆ ಬಂತು. «ಒಬ್ಬರ ಹಾಲು ಎರಡು ಸಲ ಲೆಕ್ಕಕ್ಕೆ ಸೇರಿದಾಗ.»

ಟಾಕ್ ಇರುವುದು ಅಲ್ಲೇ. ಆದದ್ದು ಇಷ್ಟು. ಫೋನ್ ಎಂಟ್ರಿ ಕಳಿಸಿತು, ಸರ್ವರ್ ಅದನ್ನು ಉಳಿಸಿಕೊಂಡಿತು. ಆದರೆ «ಬಂತು» ಅಂತ ಸರ್ವರ್ ಕಳಿಸಿದ ಉತ್ತರ ಫೋನ್‌ಗೆ ತಲುಪುವ ಮೊದಲೇ ನೆಟ್‌ವರ್ಕ್ ಹೋಯಿತು. ಹೋಗಿಲ್ಲ ಅಂದುಕೊಂಡ ಫೋನ್ ಮತ್ತೆ ಕಳಿಸಿತು. ಸರ್ವರ್ ಹೊಸ ಸಾಲು ಸೇರಿಸಿತು. ಐದು ಲೀಟರ್ ಹತ್ತಾಯಿತು. ಪರಿಹಾರವೂ ಸರಳ. ಎಂಟ್ರಿ ಹುಟ್ಟುವಾಗಲೇ ಫೋನ್‌ನಲ್ಲಿ ಅದಕ್ಕೊಂದು ವಿಶಿಷ್ಟ ಗುರುತು ಕೊಟ್ಟು, ಸರ್ವರ್‌ನಲ್ಲಿ ಅದೇ ಗುರುತು ಎರಡನೇ ಸಲ ಬಂದರೆ ಸುಮ್ನೆ ಬಿಟ್ಟುಬಿಡುವುದು:

```
INSERT INTO milk_entry (entry_id, member_no, litres)
VALUES (?, ?, ?)
ON CONFLICT (entry_id) DO NOTHING;
```

ಇದಕ್ಕೆ `entry_id` ಮೇಲೆ ಯೂನಿಕ್ ನಿರ್ಬಂಧ ಇರಲೇಬೇಕು, ಇಲ್ಲದಿದ್ದರೆ ಎರರ್ ಬರುತ್ತದೆ.

ಇದರ ಜೊತೆಗೇ ಇನ್ನೆರಡು ಬಂದವು. ಕೆಲವು ಫೋನ್‌ಗಳ ಗಡಿಯಾರ ತಪ್ಪಿದ್ದರಿಂದ ಸಂಜೆಯ ಹಾಲು ಬೆಳಗಿನ ಲೆಕ್ಕಕ್ಕೆ ಹೋಗುತ್ತಿತ್ತು. ತಪ್ಪಾದ ಎಂಟ್ರಿಯನ್ನು ತಿದ್ದಿದರೆ, ತಡವಾಗಿ ತಲುಪಿದ ಹಳೆಯ ಎಂಟ್ರಿ ತಿದ್ದಿದ್ದನ್ನು ಅಳಿಸುತ್ತಿತ್ತು. ಮೂರೂ ಒಂದೇ ಬೇರಿನವು: ನೆಟ್‌ವರ್ಕ್ ಹೋಗಿ ಬರುವಾಗ ಲೆಕ್ಕ ತಪ್ಪುವುದು. ವಿನ್ಯಾಸ, ತರಬೇತಿ, ಮುಂದಿನ ಯೋಜನೆ ಎಲ್ಲ ಬಿಟ್ಟುಬಿಟ್ಟೆವು. ಅವೂ ಒಳ್ಳೆಯ ವಿಷಯಗಳೇ, ಆದರೆ ಬೇರೆ ಟಾಕ್‌ಗೆ.

ಸಾರಾಂಶ ಬರೆಯುವುದು

ಆಯ್ಕೆಯಾದರೆ ಕಾರ್ಯಕ್ರಮ ಪಟ್ಟಿಯಲ್ಲಿ ಬರುವುದು ಇದೇ. ಹಾಗಾಗಿ ಇದಕ್ಕೆ ಇಬ್ಬರು ಓದುಗರು. ಆರಿಸುವವರು ಮೊದಲು ಓದುತ್ತಾರೆ. ಆಮೇಲೆ ಎರಡು ಹಾಲ್‌ಗಳ ನಡುವೆ ನಿಂತು ಯಾವುದಕ್ಕೆ ಹೋಗಲಿ ಅಂತ ಮೊಬೈಲ್ ನೋಡುವವರು ಓದುತ್ತಾರೆ. ಇಬ್ಬರಿಗೂ ಮೊದಲ ಎರಡು ವಾಕ್ಯದಲ್ಲಿ ತೊಂದರೆ ಏನು ಅಂತ ಗೊತ್ತಾಗಬೇಕು.

ನೂರರಿಂದ ನೂರೈವತ್ತು ಪದ ಸಾಕು. ಫಾರಂನಲ್ಲಿ ಮಿತಿ ಇದ್ದರೆ ಅದೇ ಕೊನೆ. PaperCall ಅನ್ನುವ ತಾಣದಲ್ಲಿ ಚುಟುಕು ಪರಿಚಯಕ್ಕೆ 300 ಅಕ್ಷರ ಮಾತ್ರ ಕೊಡುತ್ತಾರೆ. ಅಲ್ಲಿಗೆ ಈ ಮೊದಲ ಎರಡು ವಾಕ್ಯವೇ ಹೋಗಬೇಕು.

ಮೊದಲು ತೊಂದರೆ. ಆಮೇಲೆ ಅದು ಎಲ್ಲಿ ಕಂಡಿತು ಅನ್ನುವುದು ಒಂದೇ ವಾಕ್ಯದಲ್ಲಿ. ಆಮೇಲೆ ಟಾಕ್‌ನಲ್ಲಿ ಏನೇನು ತೋರಿಸುತ್ತೀರಿ. ಕೊನೆಗೆ ಈ ಪರಿಹಾರ ಎಲ್ಲಿ ಕೆಲಸ ಮಾಡುವುದಿಲ್ಲ. ಈ ಕೊನೆಯದನ್ನು ಬರೆಯುವವರು ಬಹಳ ಕಡಿಮೆ. ಆದರೆ ಇವರು ಇದನ್ನು ನಿಜವಾಗಿ ಮಾಡಿದ್ದಾರೆ ಅಂತ ನನಗೆ ನಂಬಿಕೆ ಬರುವುದು ಅಲ್ಲೇ.

ಗೆಳತಿಯ ಹೊಸ ತಲೆಬರಹ: «ಎರಡು ದಿನ ನೆಟ್‌ವರ್ಕ್ ಇಲ್ಲದಿದ್ದರೂ ಲೆಕ್ಕ ತಪ್ಪದ ಆ್ಯಪ್». ಹೊಸ ಸಾರಾಂಶ:

«ಆ್ಯಪ್ ಒಂದು ಎಂಟ್ರಿ ಕಳಿಸುತ್ತದೆ, ಸರ್ವರ್ ಉಳಿಸಿಕೊಳ್ಳುತ್ತದೆ, ಉತ್ತರ ಬರುವ ಮೊದಲೇ ನೆಟ್‌ವರ್ಕ್ ಹೋಗುತ್ತದೆ. ಆ್ಯಪ್ ಮತ್ತೆ ಕಳಿಸಿದರೆ ಒಬ್ಬರ ಹಾಲು ಎರಡು ಸಲ ಲೆಕ್ಕಕ್ಕೆ ಸೇರುತ್ತದೆ. ಮಳೆಗಾಲದಲ್ಲಿ ಎರಡು ದಿನ ನೆಟ್‌ವರ್ಕ್ ಇರದ ಹಾಲಿನ ಡೇರಿಗಳಲ್ಲಿ ನಮಗೆ ಇದು ಎದುರಾಯಿತು. ಈ ಟಾಕ್‌ನಲ್ಲಿ ಮೂರು ತಪ್ಪುಗಳನ್ನು ಒಂದೊಂದಾಗಿ ಮಾಡಿ ತೋರಿಸಿ, ಸರಿಪಡಿಸುತ್ತೇನೆ: ಎರಡು ಸಲ ಸೇರುವ ಎಂಟ್ರಿ, ತಪ್ಪು ಗಡಿಯಾರ, ತಡವಾಗಿ ಬಂದು ತಿದ್ದುಪಡಿಯನ್ನು ಅಳಿಸುವ ಹಳೆಯ ಎಂಟ್ರಿ. ಉದಾಹರಣೆಗಳು ಎಸ್‌ಕ್ಯೂಲೈಟ್ ಮತ್ತು ಪೋಸ್ಟ್‌ಗ್ರೆಸ್‌ನಲ್ಲಿವೆ. ಇಬ್ಬರು ಒಂದೇ ಸೀಟು ಬುಕ್ ಮಾಡುವಂಥ ಕಡೆ ಈ ವಿಧಾನ ಸಾಲುವುದಿಲ್ಲ. ಯಾಕೆ ಅನ್ನುವುದನ್ನೂ ಹೇಳುತ್ತೇನೆ.»

ಮಳೆ ಇಲ್ಲೂ ಇದೆ. ಆದರೆ ಒಂದೇ ವಾಕ್ಯದಲ್ಲಿ, ತೊಂದರೆ ಎಲ್ಲಿಂದ ಬಂತು ಅಂತ ಹೇಳುವ ಕೆಲಸಕ್ಕೆ ಮಾತ್ರ. «ಇಂದಿಗೂ ದೊಡ್ಡ ಸವಾಲು» ಹೋಯಿತು, «ಪಯಣ» ಹೋಯಿತು. ಬರೆದ ಮೇಲೆ ನೀವೂ ಒಂದು ಪರೀಕ್ಷೆ ಮಾಡಿ. ನಿಮ್ಮ ಆ್ಯಪ್‌ನ ಹೆಸರು ತೆಗೆದು ಬೇರೆ ಯಾವುದಾದರೂ ಆ್ಯಪ್‌ನ ಹೆಸರು ಹಾಕಿ ಓದಿ. ಆಗಲೂ ವಾಕ್ಯ ಸರಿಯಾಗಿ ಕೂತರೆ ಅದನ್ನು ತೆಗೆಯಿರಿ.

ಕೇಳುಗರಿಗೆ ಏನು ಸಿಗುತ್ತದೆ

ಅರ್ಜಿಗಳು ಸೊರಗುವುದು ಜಾಸ್ತಿ ಇಲ್ಲೇ. ಸಾರಾಂಶದ ಮಾತನ್ನೇ ಬೇರೆ ಪದಗಳಲ್ಲಿ ಮತ್ತೆ ಬರೆದುಬಿಡುತ್ತಾರೆ. ಎರಡೂ ಬೇರೆ. ಸಾರಾಂಶದಲ್ಲಿ ನೀವು ಏನು ಮಾಡುತ್ತೀರಿ ಅಂತ ಇರುತ್ತದೆ. ಇಲ್ಲಿ ಅವರು ಏನು ಮಾಡಬಲ್ಲರು ಅಂತ ಇರಬೇಕು.

ಗೆಳತಿಯ ಮೊದಲ ಪಟ್ಟಿ ಹೀಗಿತ್ತು: «ಗ್ರಾಮೀಣ ಬಳಕೆದಾರರ ಅಗತ್ಯಗಳ ಅರಿವು. ಆಫ್‌ಲೈನ್ ಆ್ಯಪ್‌ಗಳ ಮಹತ್ವ. ಡೇಟಾ ಸಿಂಕ್ ಬಗ್ಗೆ ತಿಳುವಳಿಕೆ.» ಅರಿವು, ಮಹತ್ವ, ತಿಳುವಳಿಕೆ. ಇವು ಬಂದಿವೆಯಾ ಇಲ್ಲವಾ ಅಂತ ಯಾರೂ ಪರೀಕ್ಷಿಸಲು ಆಗುವುದಿಲ್ಲ.

ಇಲ್ಲಿ ಒಬ್ಬ ಕೇಳುಗನನ್ನು ಕಣ್ಣ ಮುಂದೆ ತಂದುಕೊಳ್ಳಿ. ಅವನು ಬೆಂಗಳೂರಿನಲ್ಲೋ ಚೆನ್ನೈಯಲ್ಲೋ ಕೊರಿಯರ್ ಹುಡುಗರಿಗೆ ಆ್ಯಪ್ ಮಾಡುವ ಕೆಲಸದಲ್ಲಿದ್ದಾನೆ. ಡೇರಿ ನೋಡಿಲ್ಲ, ದೇವಿಮನೆ ಘಾಟಿ ಇಳಿದಿಲ್ಲ. ಆದರೆ ಅವನ ಆ್ಯಪ್ ಲಿಫ್ಟ್‌ನಲ್ಲಿ, ಬೇಸ್‌ಮೆಂಟ್‌ನಲ್ಲಿ ನೆಟ್‌ವರ್ಕ್ ಕಳೆದುಕೊಳ್ಳುತ್ತದೆ. ಸೋಮವಾರ ಆಫೀಸಿಗೆ ಹೋಗಿ ಅವನು ತನ್ನ ಕೋಡ್‌ನಲ್ಲಿ ಏನು ಹುಡುಕುತ್ತಾನೆ? ಅದನ್ನು ಬರೆಯಿರಿ. ಮೂರು ಸಾಕು, ಒಂದೊಂದೂ ಒಂದು ಕೆಲಸದ ರೂಪದಲ್ಲಿ. ಗೆಳತಿ ಹೊಸದಾಗಿ ಬರೆದದ್ದು:

- ತಮ್ಮ ಆ್ಯಪ್‌ನಲ್ಲಿ ಗುರುತನ್ನು ಸರ್ವರ್ ಕೊಡುತ್ತಿದೆಯಾ ಫೋನ್ ಕೊಡುತ್ತಿದೆಯಾ ಅಂತ ನೋಡಿ, ಎಂಟ್ರಿ ಎರಡು ಸಲ ಸೇರುವ ಜಾಗ ಹುಡುಕಬಲ್ಲರು. ಉತ್ತರ ಬರುವ ಮೊದಲೇ ಏರೋಪ್ಲೇನ್ ಮೋಡ್ ಹಾಕಿ ಅದನ್ನು ಬೇಕೆಂದೇ ಆಗುವ ಹಾಗೆ ಮಾಡಬಲ್ಲರು.
- ಫೋನ್‌ನ ಗಡಿಯಾರ ನಂಬದೆ ಎಂಟ್ರಿಗಳನ್ನು ಸಾಲಾಗಿ ಇಡಬಲ್ಲರು: ಪ್ರತಿ ಫೋನ್‌ಗೂ ಒಂದು ಓಡುವ ಸಂಖ್ಯೆ, ಬೆಳಿಗ್ಗೆಯೋ ಸಂಜೆಯೋ ಅನ್ನುವುದು ಬಳಸುವವರು ಒತ್ತಿದ ಬಟನ್‌ನಿಂದ.
- ಹಳೆಯ ಸಾಲನ್ನು ಅಳಿಸದೆ, ತಿದ್ದುಪಡಿಯನ್ನೇ ಒಂದು ಹೊಸ ಸಾಲಾಗಿ ಸೇರಿಸಬಲ್ಲರು.

ಮೂರನೆಯದರ ಹಿಂದೆ ಒಂದು ಚಂದದ ವಿಷಯ ಇದೆ. ಡೇರಿಯ ಕಾಗದದ ಪುಸ್ತಕದಲ್ಲಿ ಕಾರ್ಯದರ್ಶಿ ತಪ್ಪಾದ ಸಾಲನ್ನು ಉಜ್ಜುತ್ತಿರಲಿಲ್ಲ. ಅದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಿ, ಕೆಳಗೆ ಸರಿಯಾದ್ದನ್ನು ಬರೆಯುತ್ತಿದ್ದರು. ಆ ಪುಟ ನೋಡಿದ ಮೇಲೇ ಗೆಳತಿಗೆ ಈ ಪರಿಹಾರ ಹೊಳೆದದ್ದು. ಇದನ್ನು ಖಂಡಿತ ಟಾಕ್‌ನಲ್ಲಿ ಹೇಳು, ಆ ಪುಟದ ಫೋಟೋ ತೋರಿಸು ಅಂದೆ. ಆದರೆ ಈ ಪಟ್ಟಿಯಲ್ಲಿ ಬೇಡ. ಕೇಳುಗ ಮನೆಗೆ ಒಯ್ಯುವುದು ವಿಧಾನವನ್ನು ಮಾತ್ರ.

ಯಾರಿಗೆ ಅನ್ನುವುದನ್ನೂ ಇಲ್ಲೇ ಒಂದು ವಾಕ್ಯದಲ್ಲಿ ಹೇಳಿ. «ಎಲ್ಲರಿಗೂ» ಅಂತ ಬರೆಯಬೇಡಿ. ಅವಳು ಬರೆದದ್ದು: «ಡೇಟಾಬೇಸ್ ಬಳಸಿ ಒಂದಾದರೂ ಆ್ಯಪ್ ಮಾಡಿದವರಿಗೆ. ಸಿಂಕ್ ಬಗ್ಗೆ ಮೊದಲೇ ಗೊತ್ತಿರಬೇಕಾಗಿಲ್ಲ.» ಹೀಗಿದ್ದರೆ ಯಾವ ಹಾಲ್, ಯಾವ ಹೊತ್ತು ಅಂತ ಗೊತ್ತು ಮಾಡಲು ಆಯೋಜಕರಿಗೂ ಸುಲಭ.

ನಿಮಿಷದ ಲೆಕ್ಕ

ಕೆಲವು ಫಾರಂಗಳಲ್ಲಿ ಆಯ್ಕೆ ತಂಡಕ್ಕೆ ಮಾತ್ರ ಕಾಣುವ ಜಾಗ ಇರುತ್ತದೆ. ಸುಮಾರು ಕಾನ್ಫರೆನ್ಸ್‌ಗಳು ಬಳಸುವ pretalx ನಲ್ಲಿ Abstract, Description ಜೊತೆಗೆ Notes ಅಂತ ಬೇರೆಯೇ ಇದೆ. ಟಾಕ್‌ನ ಒಡಲನ್ನು ನಿಮಿಷದ ಸಮೇತ ಅಲ್ಲಿ ಹಾಕಿ. ಗೆಳತಿಯದ್ದು ಹೀಗಿತ್ತು: ಎರಡು ಸಲ ಸೇರಿದ ಹಾಲಿನ ಕಥೆ 4 ನಿಮಿಷ, ಅದನ್ನು ವೇದಿಕೆ ಮೇಲೆ ಮಾಡಿ ತೋರಿಸಿ ಸರಿಪಡಿಸುವುದು 7, ಗಡಿಯಾರ 6, ತಿದ್ದುಪಡಿ 5, ಮಿತಿಗಳು 3. ಒಟ್ಟು 25. ಪ್ರಶ್ನೆಗೆ 5.

ಈ ಲೆಕ್ಕ ಹಾಕುವಾಗ ಪರಿಚಯಕ್ಕೆ ಹತ್ತು ನಿಮಿಷ ಹೋಗುತ್ತಿದ್ದರೆ ಅಲ್ಲೇ ಗೊತ್ತಾಗುತ್ತದೆ. ಓದುವ ನಮಗೂ ಮೊದಲು ಕಾಣುವುದು ಅದೇ. ವೇದಿಕೆ ಮೇಲೆ ಮಾಡಿ ತೋರಿಸುವುದಿದ್ದರೆ, ಅದು ಕೈಕೊಟ್ಟರೆ ರೆಕಾರ್ಡ್ ಮಾಡಿದ ವಿಡಿಯೋ ಇದೆ ಅಂತ ಒಂದು ಸಾಲು ಸೇರಿಸಿ.

ಡೇರಿಯ ಪುಸ್ತಕದ ಫೋಟೋ ತೋರಿಸಲು ಅವರ ಒಪ್ಪಿಗೆ ಇದೆ, ಸದಸ್ಯರ ಹೆಸರು ಮುಚ್ಚಿದ್ದೇನೆ ಅನ್ನುವುದನ್ನೂ ಇಲ್ಲೇ ಹೇಳಬೇಕು. ಇದೇ ಟಾಕ್ ಬೇರೆ ಕಡೆ ಕೊಟ್ಟಿದ್ದರೆ ಅದನ್ನೂ ಹೇಳಿ. ಆಮೇಲೆ ಗೊತ್ತಾದರೆ ಚೆನ್ನಾಗಿರುವುದಿಲ್ಲ. ಆ್ಯಪ್ ಮಾರಾಟಕ್ಕಿದ್ದರೆ, ಟಾಕ್‌ನಲ್ಲಿ ಅದರ ಪ್ರಚಾರ ಇಲ್ಲ ಅಂತ ಸ್ಪಷ್ಟವಾಗಿ ಬರೆಯಿರಿ.

ನಿಮ್ಮ ಪರಿಚಯ

ಇಲ್ಲಿ ಎರಡು ಥರದವರು ಸಿಗುತ್ತಾರೆ. ಕೆಲವರು ಹತ್ತನೇ ಕ್ಲಾಸಿನಿಂದ ಶುರುಮಾಡಿ ಎಲ್ಲ ಸರ್ಟಿಫಿಕೇಟ್ ಬರೆಯುತ್ತಾರೆ. ನಮ್ಮ ಕಡೆಯವರು ಜಾಸ್ತಿ ಎರಡನೇ ಥರ: ಸಂಕೋಚಪಟ್ಟು ಒಂದೇ ಸಾಲು ಬರೆದು ಮುಗಿಸುತ್ತಾರೆ. «ಶಿರಸಿಯ ಸಾಫ್ಟ್‌ವೇರ್ ಇಂಜಿನಿಯರ್.» ನಮಗೆ ಬೇಕಾದ್ದು ಒಂದೇ ಉತ್ತರ: ಈ ವಿಷಯವನ್ನು ಇವರು ಹತ್ತಿರದಿಂದ ನೋಡಿದ್ದಾರಾ?

ಅದಕ್ಕೆ ನಾಲ್ಕು ವಾಕ್ಯ ಸಾಕು. ಕಾರ್ಯಕ್ರಮ ಪಟ್ಟಿಯಲ್ಲಿ ಹಾಗೇ ಹಾಕಲು ಬರುವಂತೆ, ಬೇರೆಯವರು ನಿಮ್ಮನ್ನು ಪರಿಚಯಿಸಿದ ಧಾಟಿಯಲ್ಲಿ ಬರೆಯಿರಿ. ಗೆಳತಿಯದ್ದು, ಹೆಸರು ಬಿಟ್ಟು:

«ಇವರು ಶಿರಸಿಯಲ್ಲಿದ್ದು ಆಂಡ್ರಾಯ್ಡ್ ಆ್ಯಪ್‌ಗಳನ್ನು ಮಾಡುತ್ತಾರೆ. ಹಾಲಿನ ಡೇರಿಗಳ ಲೆಕ್ಕದ ಆ್ಯಪ್‌ನ ಸಿಂಕ್ ಭಾಗವನ್ನು ಪೂರ್ತಿ ಬರೆದವರು ಇವರೇ. ಲೆಕ್ಕ ತಪ್ಪಿದಾಗ ಡೇರಿಗೆ ಹೋಗಿ ಕಾಗದದ ಪುಸ್ತಕದ ಜೊತೆ ತಾಳೆ ನೋಡಿ ಸರಿಮಾಡುವುದೂ ಇವರ ಕೆಲಸ. ದೊಡ್ಡ ವೇದಿಕೆಯಲ್ಲಿ ಇದು ಇವರ ಮೊದಲ ಟಾಕ್.»

ಮೂರನೇ ವಾಕ್ಯ ನೋಡಿ. ಯಾವ ಡಿಗ್ರಿಯೂ ಕೊಡದ ನಂಬಿಕೆ ಅದರಲ್ಲಿದೆ. «ಮೊದಲ ಟಾಕ್» ಅನ್ನುವುದನ್ನು ಮುಚ್ಚಿಡಬೇಕಾಗಿಲ್ಲ. ಹೊಸಬರಿಗೆ ಮಾರ್ಗದರ್ಶಕರನ್ನು ಕೊಡುವ ಕಾನ್ಫರೆನ್ಸ್‌ಗಳಿವೆ, ಹೇಳಿದರೆ ತಾನೇ ಅವರಿಗೂ ಗೊತ್ತಾಗುವುದು. ಆದರೆ ಮೊದಲ ಟಾಕ್ ಅಂದ ಮೇಲೆ ಇವರು ಮಾತಾಡಬಲ್ಲರಾ ಅನ್ನುವ ಪ್ರಶ್ನೆ ಬರುತ್ತದೆ. ಅದಕ್ಕೆ ಎರಡು ನಿಮಿಷದ ವಿಡಿಯೋ ಹಾಕಿ. ಮೊಬೈಲ್ ಸ್ಟ್ಯಾಂಡ್‌ಗೆ ಇಟ್ಟು, ಕಿಟಕಿಗೆ ಮುಖ ಮಾಡಿ ಕೂತು, ಎರಡು ಸಲ ಸೇರುವ ಎಂಟ್ರಿ ಹೇಗಾಗುತ್ತದೆ ಅಂತ ಒಂದು ಹಾಳೆಯಲ್ಲಿ ಚಿತ್ರ ಬರೆದು ವಿವರಿಸಿದರೆ ಆಯಿತು. ತಗಡಿನ ಮಾಡಿನ ಕೆಳಗೆ ಮಳೆ ಬರುವಾಗ ಮಾತ್ರ ರೆಕಾರ್ಡ್ ಮಾಡಬೇಡಿ, ಒಂದು ಮಾತೂ ಕೇಳುವುದಿಲ್ಲ. ವಿಡಿಯೋ ಲಿಂಕ್ ಬೇರೆ ಫೋನ್‌ನಲ್ಲಿ, ಲಾಗಿನ್ ಆಗದೆ ತೆರೆಯುತ್ತದಾ ಅಂತ ನೋಡಿ. ಅನುಮತಿ ಇಲ್ಲದ ಲಿಂಕ್ ಕಳಿಸುವವರು ಬಹಳ ಜನ. ಅನುಮತಿ ಕೊಡಿ ಅಂತ ಕೇಳುತ್ತಾ ಕೂರಲು ಓದುವವರಿಗೆ ಪುರುಸೊತ್ತಿರುವುದಿಲ್ಲ.

ಹೆಸರು ಮುಚ್ಚಿ ಓದುವ ಕಡೆ ವಿಡಿಯೋ ಲಿಂಕ್ ಎಲ್ಲಿ ಹಾಕಬೇಕು ಅಂತ ಪ್ರಕಟಣೆಯಲ್ಲಿ ಹುಡುಕಿ. ಇಲ್ಲದಿದ್ದರೆ ಆಯೋಜಕರಿಗೆ ಒಂದು ಮೇಲ್ ಹಾಕಿ ಕೇಳಿ.

ಕಳಿಸುವ ಮೊದಲು, ಕಳಿಸಿದ ಮೇಲೆ

ಇಬ್ಬರಿಗೆ ಓದಲು ಕೊಡಿ. ಒಬ್ಬರು ಈ ಕ್ಷೇತ್ರದವರು, ಇನ್ನೊಬ್ಬರು ಕೋಡ್ ಬರೆಯುವವರಾದರೂ ಈ ಕೆಲಸ ಗೊತ್ತಿಲ್ಲದವರು. ಹೇಗಿದೆ ಅಂತ ಕೇಳಬೇಡಿ, ಚೆನ್ನಾಗಿದೆ ಅಂತಲೇ ಹೇಳುತ್ತಾರೆ. «ಟಾಕ್‌ನಲ್ಲಿ ನಾನು ಏನು ಹೇಳುತ್ತೇನೆ ಅಂತ ನಿನಗೆ ಅನಿಸಿತು?» ಅಂತ ಕೇಳಿ. ಅವರು ಮಳೆ, ಹಳ್ಳಿ ಅಂತ ಶುರುಮಾಡಿದರೆ ಸಾರಾಂಶ ಇನ್ನೂ ಸರಿಯಾಗಿಲ್ಲ. ಲೆಕ್ಕ ಎರಡು ಸಲ ಸೇರುವುದು ಅಂದರೆ ಕಳಿಸಿ.

ಕಳಿಸಿದ ಮೇಲೆ ಆಯ್ಕೆ ತಂಡದವರು ಪ್ರಶ್ನೆ ಕೇಳಬಹುದು. ಗೆಳತಿಗೆ ಬಂದ ಪ್ರಶ್ನೆ: «ಇದಕ್ಕೆ ಸಿದ್ಧ ಸಿಂಕ್ ಲೈಬ್ರರಿಗಳಿವೆಯಲ್ಲ, ಯಾಕೆ ಬಳಸಲಿಲ್ಲ?» ಇಂಥದ್ದು ಬಂದರೆ ವಾದ ಅಂತ ತಿಳಿಯಬೇಡಿ. ನಿಮ್ಮ ಅರ್ಜಿಯನ್ನು ಗಮನ ಕೊಟ್ಟು ಓದಿದ್ದಾರೆ ಅಂತ ಅರ್ಥ. ಅವಳು ಉತ್ತರ ಕೊಟ್ಟಳು: ಲೈಬ್ರರಿ ಡೇಟಾವನ್ನು ಸಾಗಿಸುತ್ತದೆ, ಆದರೆ ಎರಡು ಎಂಟ್ರಿಗಳಲ್ಲಿ ಯಾವುದು ಸರಿ ಅನ್ನುವ ನಿಯಮವನ್ನು ನಾವೇ ಬರೆಯಬೇಕು, ಟಾಕ್ ಆ ನಿಯಮದ ಬಗ್ಗೆ. ಆಮೇಲೆ ಅದೇ ಮಾತನ್ನು ಸಾರಾಂಶಕ್ಕೂ ಸೇರಿಸಿದಳು. ಒಬ್ಬರಿಗೆ ಬಂದ ಅನುಮಾನ ಉಳಿದವರಿಗೂ ಬರುತ್ತದೆ ಅಲ್ವಾ.

ಆಯ್ಕೆಯಾದರೆ ಬರುತ್ತೇನೆ ಅಂತ ಖಚಿತಪಡಿಸಲು ಒಂದು ಗಡುವು ಕೊಡುತ್ತಾರೆ. ಅದು ದಾಟಿದರೆ ಕಾಯುವ ಪಟ್ಟಿಯವರಿಗೆ ಜಾಗ ಹೋಗುತ್ತದೆ. ಆಗಲೇ ಪ್ರಯಾಣದ ಮಾತೂ ಆಡಿ. ಕಾರವಾರದವರಿಗೆ ಬೆಂಗಳೂರಿಗೆ ರಾತ್ರಿ ರೈಲು ಇದೆ. ಶಿರಸಿಯಲ್ಲಿ ರೈಲೇ ಇಲ್ಲ, ರಾತ್ರಿ ಬಸ್ಸೇ ಗತಿ. ಜುಲೈನಲ್ಲಿ ಮರ ಬಿದ್ದೋ ಗುಡ್ಡ ಕುಸಿದೋ ರಸ್ತೆ ನಿಂತರೆ ಬೆಳಗಿನ ಮೊದಲ ಟಾಕ್ ತಪ್ಪುತ್ತದೆ. ಹಾಗಾಗಿ ಮಧ್ಯಾಹ್ನದ ಮೇಲಿನ ಹೊತ್ತು ಕೊಡಿ ಅಂತ ಮೊದಲೇ ಕೇಳಿ. ವೇಳಾಪಟ್ಟಿ ಅಚ್ಚಾಗುವ ಮುಂಚೆ ಕೇಳಿದರೆ ಆಯೋಜಕರು ಸಾಮಾನ್ಯವಾಗಿ ಇಲ್ಲ ಅನ್ನುವುದಿಲ್ಲ. ಬಸ್ಸಿನ ಖರ್ಚು, ಉಳಿಯುವ ವ್ಯವಸ್ಥೆ ಕೊಡುತ್ತಾರಾ ಅನ್ನುವುದನ್ನೂ ಅದೇ ಮೇಲ್‌ನಲ್ಲಿ ಕೇಳಬಹುದು. ಅದರಲ್ಲಿ ಸಂಕೋಚ ಬೇಡ.

ಆಯ್ಕೆ ಆಗದಿದ್ದರೆ ಕಾರಣ ಕೇಳಿ ಒಂದು ಸಣ್ಣ ಮೇಲ್ ಬರೆಯಿರಿ. ಇದೇ ವಿಷಯದ ಇನ್ನೊಂದು ಟಾಕ್ ಮೊದಲೇ ಇತ್ತು ಅಂದರೆ, ಅರ್ಜಿಯನ್ನು ಮುಟ್ಟದೆ ಬೇರೆ ಕಾನ್ಫರೆನ್ಸ್‌ಗೆ ಹಾಕಿ. ಟಾಕ್ ಯಾರಿಗೆ ಅಂತ ಗೊತ್ತಾಗಲಿಲ್ಲ ಅಂದರೆ, ಸಾರಾಂಶ ಹಾಗೇ ಇರಲಿ, ಕೇಳುಗರಿಗೆ ಸಿಗುವ ಆ ಮೂರು ಸಾಲುಗಳನ್ನು ಮಾತ್ರ ಹೊಸದಾಗಿ ಬರೆಯಿರಿ.